ಆರು ಗಾಡಿಗಳ ಅನುಭವ

ಅಪ್ಪನ ಟ್ರಂಕಿನಲ್ಲಿ ಒಂದು ಅರ್ಜಿಯ ನಕಲು ಇದೆ. 1998ರಲ್ಲಿ ಬೊಮ್ಮಸಂದ್ರದ ಒಂದು ಕಾರ್ಖಾನೆಯ ಸೆಕ್ಯೂರಿಟಿ ಕೆಲಸಕ್ಕೆ ಹಾಕಿದ್ದು. ಹೆಸರು, ಊರು, ವಯಸ್ಸು ಎಲ್ಲ ಬರೆದು, 'ಪೂರ್ವಾನುಭವ' ಎಂಬ ಸಾಲಿನ ಮುಂದೆ ಅಪ್ಪ ದುಂಡಗಿನ ಅಕ್ಷರದಲ್ಲಿ 'ಇಲ್ಲ' ಎಂದು ಬರೆದಿದ್ದಾರೆ. ಅದಕ್ಕೆ ಮೊದಲು ಅವರು 22 ವರ್ಷ ಆನೇಕಲ್ಲಿನಲ್ಲಿ ರೇಷ್ಮೆ ಸೀರೆ ನೇಯ್ದಿದ್ದರು. ನಾಲ್ಕು ಮಗ್ಗ ಇದ್ದವು. ನೂಲು ತರುವುದು, ಬಣ್ಣ ಹಾಕಿಸುವುದು, ಹಾಸು ಹೂಡುವುದು, ನೇಕಾರರಿಗೆ ವಾರದ ಬಟವಾಡೆ, ಸಾಹುಕಾರರ ಅಂಗಡಿಗೆ ಸೀರೆ ಹೊತ್ತು ಹೋಗಿ ದರ ಮಾತಾಡುವುದು, ಎಲ್ಲವೂ ಅವರದೇ. ಮಗ್ಗ ನಿಂತಿತು, ಗುಂಡಿ ಮುಚ್ಚಿಸಿದರು, ಅದರ ಮೇಲೆ ಈಗ ನಮ್ಮ ಊಟದ ಕೋಣೆ ಇದೆ. ಆ 22 ವರ್ಷ ಆ ಒಂದು ಪದದೊಳಗೆ ಹೋಯಿತು.

ಆ ಕಾಗದ ನನ್ನ ಕೈಗೆ ಸಿಕ್ಕಿದ್ದು 2021ರಲ್ಲಿ, ನಾನೂ ಅದೇ ಪದವನ್ನು ಬರೆಯಲು ಹೊರಟಿದ್ದ ಹೊತ್ತಿಗೆ.

ನನ್ನದು ಕ್ಯಾಬ್ ವ್ಯವಹಾರ. ಬಿ.ಕಾಂ. ಮುಗಿಸಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಟ್ರಾನ್ಸ್‌ಪೋರ್ಟ್ ಡೆಸ್ಕಿನಲ್ಲಿ ಆರು ವರ್ಷ ಕೂತಿದ್ದೆ. ಯಾವ ಶಿಫ್ಟಿಗೆ ಯಾರಿಗೆ ಯಾವ ಗಾಡಿ ಎಂದು ರೋಸ್ಟರ್ ಹಾಕುವ ಕೆಲಸ. 2015ರ ಮಾರ್ಚ್‌ನಲ್ಲಿ ಅದನ್ನು ಬಿಟ್ಟು, ಏಪ್ರಿಲ್‌ನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಇಂಡಿಕಾ ಕೊಂಡು, ಯೆಲ್ಲೋ ಬೋರ್ಡ್ ಮಾಡಿಸಿ, ಒಬ್ಬ ದೊಡ್ಡ ವೆಂಡರ್ ಕೈಕೆಳಗೆ ಅಟ್ಯಾಚ್ ಮಾಡಿದೆ. 2019ರ ಹೊತ್ತಿಗೆ ಆರು ಗಾಡಿ ಆದವು: ನಾಲ್ಕು ಸೆಡಾನ್, ಎರಡು ಟೆಂಪೋ ಟ್ರಾವೆಲರ್. ಚಾಲಕರು ಒಂಬತ್ತು ಜನ, ಏಕೆಂದರೆ ರಾತ್ರಿ ಶಿಫ್ಟ್ ಓಡಿಸಿದವನನ್ನು ಹಗಲೂ ಓಡಿಸುವಂತಿಲ್ಲ. ತಿಂಗಳ ಬಿಲ್ ಮೂರು ಲಕ್ಷದ ಆಸುಪಾಸು. 2020ರ ಮಾರ್ಚ್ ಎರಡನೆಯ ವಾರದಿಂದ ಕಂಪನಿಗಳು ನೌಕರರನ್ನು ಮನೆಗೆ ಕಳಿಸಿದವು, 25ಕ್ಕೆ ಲಾಕ್‌ಡೌನ್ ಬಂತು, ಟ್ರಿಪ್ ಸೊನ್ನೆಯಾಯಿತು. ಆಗಸ್ಟ್ ಕೊನೆಯವರೆಗೆ ಸಾಲದ ಕಂತಿಗೆ ವಿನಾಯಿತಿ ಇತ್ತು, ಬಡ್ಡಿಗೆ ಇರಲಿಲ್ಲ. ಒಂದೊಂದೇ ಗಾಡಿ ಮಾರಿ, ಚಾಲಕರ ಬಾಕಿ ಕೊಟ್ಟು, ಬ್ಯಾಂಕಿನ ಸಾಲ ತೀರಿಸಿ, 2021ರ ಜನವರಿಯಲ್ಲಿ ಮುಗಿಸಿದೆ.

ಆಮೇಲೆ ಕೆಲಸ ಹುಡುಕಲು ಶುರುಮಾಡಿದೆ. ರೆಸ್ಯೂಮೆಯಲ್ಲಿ ಹಳೆಯ ಕಂಪನಿಯ ಬಗ್ಗೆ ಎಂಟು ಸಾಲು ಬರೆದಿದ್ದೆ. ಅದರ ಮೇಲೆ ಒಂದೇ ಸಾಲು: '2015–2021, ಸ್ವಂತ ವ್ಯವಹಾರ'. ಮೊದಲ ಫೋನ್ ಬಂದದ್ದು ಒಂದು ಫೆಸಿಲಿಟಿ ಸಂಸ್ಥೆಯಿಂದ. ಹುಡುಗಿ ಒಳ್ಳೆಯವಳೇ, ಸಾವಧಾನವಾಗಿಯೇ ಕೇಳಿದಳು.

"ಸರ್, 2015ರಿಂದ ಗ್ಯಾಪ್ ಇದೆಯಲ್ಲ, ಯಾಕೆ?"

"ಗ್ಯಾಪ್ ಅಲ್ಲಮ್ಮ, ಸ್ವಂತ ಬಿಸಿನೆಸ್ ಇತ್ತು. ಲಾಸ್ ಆಯ್ತು, ಮುಚ್ಚಿಬಿಟ್ಟೆ."

"ಓಕೆ ಸರ್. ಕರೆಂಟ್ ಸಿಟಿಸಿ ಎಷ್ಟು?"

"ಸಂಬಳ ಇರ್ಲಿಲ್ಲಮ್ಮ, ಬಿಸಿನೆಸ್ ಅಲ್ವಾ."

"ಸರಿ ಸರ್, ತಿಳಿಸ್ತೀವಿ." ಎರಡು ನಿಮಿಷವೂ ಆಗಿರಲಿಲ್ಲ.

ಇಂಥವು ಐದಾರು ಫೋನ್ ಆದವು. ಅವರು ನನ್ನನ್ನು ಕೀಳಾಗಿ ಕಾಣುತ್ತಿದ್ದಾರೆ ಎಂದು ನಾನು ಅಂದುಕೊಂಡಿದ್ದೆ. ಹಾಗಲ್ಲ ಎಂದು ಈಗ ಗೊತ್ತು, ಈಗ ನಾನೇ ಮೇಜಿನ ಆ ಕಡೆ ಕೂರುತ್ತೇನೆ. ರಿಕ್ರೂಟರ್ ಮುಂದೆ ಒಂದು ಸ್ಕ್ರೀನ್ ಇರುತ್ತದೆ. ಅದರಲ್ಲಿ ಖಾನೆಗಳಿರುತ್ತವೆ: ಕೊನೆಯ ಸಂಸ್ಥೆ, ಹುದ್ದೆ, ಸೇರಿದ ದಿನ, ಬಿಟ್ಟ ದಿನ, ಕೈಕೆಳಗೆ ಎಷ್ಟು ಜನ, ಬಿಟ್ಟ ಕಾರಣ. ನಾನು ಆ ಯಾವ ಖಾನೆಗೂ ಪದ ಕೊಟ್ಟಿರಲಿಲ್ಲ, ಒಂದು ಸಂಕಟವನ್ನು ಮಾತ್ರ ಹೇಳಿದ್ದೆ. ಸಂಕಟಕ್ಕೆ ಅಲ್ಲಿ ಖಾನೆ ಇಲ್ಲ. ತುಂಬದ ಖಾನೆ ತನ್ನಷ್ಟಕ್ಕೆ 'ಗ್ಯಾಪ್' ಆಗುತ್ತದೆ.

ಅದೇ ದಿನಗಳಲ್ಲಿ ಪರಿಚಯದವರೊಬ್ಬರು ನಗರದ ಒಂದು ಕನ್ಸಲ್ಟೆನ್ಸಿಗೆ ಕಳಿಸಿದರು. ಅಲ್ಲಿ ಕೂತವರು ನನ್ನ ಕಾಗದ ನೋಡಿ, "ಬಿಸಿನೆಸ್ ಅಂತ ಹಾಕಬೇಡಿ ಸರ್, ಯಾರೂ ತಗೊಳಲ್ಲ. ನಾವೇ ಒಂದು ಕಂಪನಿಯಿಂದ ಎಕ್ಸ್‌ಪೀರಿಯೆನ್ಸ್ ಲೆಟರ್, ರಿಲೀವಿಂಗ್ ಲೆಟರ್, ಪೇ ಸ್ಲಿಪ್ ಎಲ್ಲ ಮಾಡಿಕೊಡ್ತೀವಿ" ಎಂದರು. ದರವನ್ನೂ ಹೇಳಿದರು. ನಿಜವಾಗಿ ದುಡಿದ ಆರು ವರ್ಷವನ್ನು ಅಳಿಸಿ ದುಡಿಯದ ಆರು ವರ್ಷವನ್ನು ಕೊಂಡುಕೋ ಎಂಬ ಮಾತು ಅದು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು. ನ್ಯಾಯ ಅನ್ಯಾಯ ಬಿಟ್ಟು ಬರೀ ಲೆಕ್ಕದಿಂದ ನೋಡಿದರೂ ಅದು ನಿಲ್ಲುವುದಿಲ್ಲ. ಪಿಎಫ್ ಇದ್ದ ಯಾವ ನೌಕರನಿಗೂ ಯುಎಎನ್ ಸಂಖ್ಯೆ ಇರುತ್ತದೆ. ಅದರ ಸರ್ವಿಸ್ ಹಿಸ್ಟರಿಯಲ್ಲಿ ಯಾವ ಸಂಸ್ಥೆಗೆ ಯಾವ ದಿನ ಸೇರಿದ, ಯಾವ ದಿನ ಬಿಟ್ಟ ಎಂಬುದು ಇರುತ್ತದೆ. ಕೆಲಸ ಕೊಡುವ ಮುನ್ನ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡುವವರು ಮೊದಲು ಕೇಳುವುದೇ ಅದನ್ನು. ನನ್ನದರಲ್ಲಿ ಮಾರ್ಚ್ 2015ಕ್ಕೆ ಗೆರೆ ಬಿದ್ದಿದೆ. ಆಮೇಲಿನ ಪೇ ಸ್ಲಿಪ್ ತೋರಿಸಿದರೆ, ಆ ಸಂಬಳಕ್ಕೆ ಪಿಎಫ್ ಎಲ್ಲಿ ಎಂದು ಕೇಳುತ್ತಾರೆ. ಟಿಡಿಎಸ್ ಎಲ್ಲಿ, ಬ್ಯಾಂಕಿಗೆ ಸಂಬಳ ಬಂದ ಗುರುತು ಎಲ್ಲಿ ಎನ್ನುತ್ತಾರೆ. ಸಿಕ್ಕಿಬಿದ್ದವನನ್ನು ಕೆಲಸಕ್ಕೆ ಸೇರಿ ವರ್ಷವಾದ ಮೇಲೂ ಕಳಿಸಿದ್ದನ್ನು ನೋಡಿದ್ದೇನೆ.

ಅಲ್ಲಿಂದ ಮನೆಗೆ ಬಂದ ರಾತ್ರಿಯೇ ಏನೋ ಕಾಗದ ಹುಡುಕುತ್ತ ಅಪ್ಪನ ಟ್ರಂಕು ತೆರೆದದ್ದು. 'ಇಲ್ಲ' ಎಂಬುದನ್ನು ನೋಡಿ ಅಪ್ಪನನ್ನು ಕೇಳಿದೆ: "ಹೀಗ್ಯಾಕೆ ಬರೆದ್ರಿ?"

"ಮುಚ್ಚಿದ್ದನ್ನ ಏನಂತ ಬರೀಲಪ್ಪ?" ಎಂದರು.

ಮಾರನೆಯ ದಿನ ಅಟ್ಟದಿಂದ ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿದೆ. ಟ್ರಿಪ್ ಶೀಟ್‌ಗಳ ಕಟ್ಟುಗಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನೌಕರರನ್ನು ಸಾಗಿಸುವ ಪ್ರತಿ ಓಡಾಟಕ್ಕೂ ಒಂದು ಹಾಳೆ ಇರುತ್ತದೆ. ಗಾಡಿ ಸಂಖ್ಯೆ, ಹೊರಟಾಗಿನ ಮತ್ತು ಮುಟ್ಟಿದಾಗಿನ ಕಿಲೋಮೀಟರ್, ಪ್ರತಿಯೊಬ್ಬರು ಹತ್ತಿದ ಹೊತ್ತು, ಗೇಟಿಗೆ ಬಂದ ಹೊತ್ತು, ಅವರವರ ಸಹಿ. ಬಿಲ್ಲಿಗೆ ಇದೇ ಆಧಾರ. ನಾನು 2019ರ ಅಕ್ಟೋಬರ್, ನವೆಂಬರ್, ಡಿಸೆಂಬರ್ ಮೂರು ತಿಂಗಳ ಹಾಳೆಗಳನ್ನು ನೆಲದ ಮೇಲೆ ಹರಡಿ ಎಣಿಸಲು ಕೂತೆ. ದಿನಕ್ಕೆ 26 ಟ್ರಿಪ್, ತಿಂಗಳಿಗೆ 26 ದಿನ. ಅದರಲ್ಲಿ ಅರ್ಧ ಪಿಕಪ್, ಅರ್ಧ ಡ್ರಾಪ್. ಮೂರು ತಿಂಗಳಿಗೆ 1,014 ಪಿಕಪ್. ಶಿಫ್ಟಿಗೆ ಹತ್ತು ನಿಮಿಷ ಮೊದಲು ಗೇಟಿಗೆ ಬರಬೇಕೆಂಬುದು ಕರಾರು. ತಡವಾದವು 47. ಎಂದರೆ ನೂರಕ್ಕೆ 95ಕ್ಕಿಂತ ಹೆಚ್ಚು ಸಲ ನಾನು ಹೊತ್ತಿಗೆ ಸರಿಯಾಗಿ ಜನರನ್ನು ಮುಟ್ಟಿಸಿದ್ದೆ. ಗಾಡಿ ಓಡಿಸುತ್ತಿದ್ದಾಗ ಈ ಲೆಕ್ಕ ನಾನು ಮಾಡಿರಲೇ ಇಲ್ಲ. ವೆಂಡರ್ ಕಡೆಯವರು ತಡವಾದ ಟ್ರಿಪ್ಪಿಗೆ ದಂಡ ಹಿಡಿದಾಗ ಆ 47 ಮಾತ್ರ ನೆನಪಿನಲ್ಲಿ ಉಳಿದಿತ್ತು.

ಆ 47ನ್ನೂ ಬಿಡಿಸಿ ನೋಡಿದೆ. ಅರ್ಧದಷ್ಟು ಸೋಮವಾರ ಬೆಳಗಿನವು, ಅದೂ ಸಿಲ್ಕ್ ಬೋರ್ಡಿನ ಆಚೆಯಿಂದ ಬರುವ ಗಾಡಿಗಳವು. ಆಗ ಈ ಕಡೆಗೆ ಮೆಟ್ರೊ ಇರಲಿಲ್ಲ. ಬೊಮ್ಮಸಂದ್ರದ ಹಳದಿ ಮಾರ್ಗ ತೆರೆದದ್ದು 2025ರ ಆಗಸ್ಟ್‌ನಲ್ಲಿ. ಡಿಸೆಂಬರ್‌ನ ಹಾಳೆಗಳಲ್ಲಿ ಆ ತಡ ಇಳಿದಿತ್ತು. ಯಾಕೆಂದು ನೆನಪು ಮಾಡಿಕೊಂಡರೆ, ಸೋಮವಾರ ಮಾತ್ರ ಆ ದಾರಿಯ ಮೊದಲ ಪಿಕಪ್ಪನ್ನು 15 ನಿಮಿಷ ಮೊದಲೇ ಇಟ್ಟಿದ್ದೆ. ಅಂದು ಅದು ಬರೀ ಒಂದು ಹೊಂದಾಣಿಕೆ. ಇಂದು ಅದನ್ನು ಹೇಳಬೇಕಾದ ರೀತಿ ಬೇರೆ: ತೊಂದರೆ ಎಲ್ಲಿದೆ ಎಂದು ಗುರುತಿಸಿದ್ದು, ಬದಲಿಸಿದ್ದು, ಬದಲಿಸಿದ ಮೇಲೆ ಏನಾಯಿತು ಎಂಬುದು.

ಇನ್ನೊಂದು ಲೆಕ್ಕ ಡೆಡ್ ಕಿಲೋಮೀಟರಿನದು. ಗಾಡಿ ನಿಲ್ಲುವ ಜಾಗದಿಂದ ಮೊದಲ ಪಿಕಪ್‌ವರೆಗೆ, ಕೊನೆಯ ಡ್ರಾಪ್‌ನಿಂದ ಮತ್ತೆ ಮನೆಗೆ ಖಾಲಿ ಓಡುವ ದೂರ. ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ನನ್ನ ಗಾಡಿಗಳೆಲ್ಲ ಆನೇಕಲ್ಲಿನಲ್ಲಿ ನಿಲ್ಲುತ್ತಿದ್ದವು. 2018ರಲ್ಲಿ ಎರಡು ಗಾಡಿಗಳನ್ನು ಹೆಬ್ಬಗೋಡಿಯಲ್ಲಿ ಚಾಲಕರ ಮನೆಯ ಹತ್ತಿರವೇ ನಿಲ್ಲಿಸಲು ಬಿಟ್ಟೆ. ಒಂದೊಂದಕ್ಕೂ ದಿನಕ್ಕೆ ಹೋಗಿಬರುವ 30 ಕಿಲೋಮೀಟರ್ ಉಳಿಯಿತು. ಎರಡಕ್ಕೆ ತಿಂಗಳಿಗೆ 1,560 ಕಿಲೋಮೀಟರ್, ನೂರು ಲೀಟರಿಗಿಂತ ತುಸು ಹೆಚ್ಚು ಡೀಸೆಲ್, ಆಗಿನ ದರದಲ್ಲಿ ಏಳು ಸಾವಿರ ರೂಪಾಯಿಯಷ್ಟು.

ಈ ಎರಡು ಲೆಕ್ಕ ಕೈಗೆ ಬಂದ ಮೇಲೆ ರೆಸ್ಯೂಮೆಯ ಆ ಒಂದು ಸಾಲನ್ನು ಹೊಡೆದು ಹೀಗೆ ಬರೆದೆ: 'ಮಾಲೀಕ ಮತ್ತು ಕಾರ್ಯಾಚರಣೆ ಉಸ್ತುವಾರಿ, ನೌಕರರ ಸಾರಿಗೆ, ಆನೇಕಲ್. ಏಪ್ರಿಲ್ 2015ರಿಂದ ಜನವರಿ 2021. 6 ವಾಹನ, 9 ಚಾಲಕರು, ದಿನಕ್ಕೆ 26 ಟ್ರಿಪ್, ರಾತ್ರಿ ಶಿಫ್ಟ್ ಸೇರಿ. 2019ರ ಕೊನೆಯ ಮೂರು ತಿಂಗಳಲ್ಲಿ ಪಿಕಪ್ ಸಮಯಪಾಲನೆ ಶೇ. 95.' ಅದರ ಕೆಳಗೆ ಡೆಡ್ ಕಿಲೋಮೀಟರಿನ ಸಾಲು. ಅದರ ಕೆಳಗೆ ಪರ್ಮಿಟ್, ಎಫ್‌ಸಿ, ವಿಮೆ, ಚಾಲಕರ ಬ್ಯಾಡ್ಜ್, ಪೊಲೀಸ್ ವೆರಿಫಿಕೇಷನ್ ಇವನ್ನೆಲ್ಲ ನಾನೇ ನೋಡಿಕೊಂಡದ್ದು. ಮಾಲೀಕ ಎಂಬ ಪದವೊಂದನ್ನೇ ಬರೆದರೆ ಏನೂ ತಿಳಿಯುವುದಿಲ್ಲ, ಬೀಡಾ ಅಂಗಡಿಗೂ ಮಾಲೀಕರಿದ್ದಾರೆ. ಅದನ್ನು ಮುಚ್ಚಿಟ್ಟು ಬರೀ 'ಆಪರೇಷನ್ಸ್ ಮ್ಯಾನೇಜರ್' ಎಂದು ಬರೆಯುವುದೂ ತಪ್ಪು. ವಿಚಾರಿಸಿದಾಗ ನಿಮ್ಮ ಮೇಲಿನವರು ಯಾರು ಎಂದು ಕೇಳಿದರೆ ಹೆಸರಿಲ್ಲ. ಎರಡನ್ನೂ ಸೇರಿಸಿ ಬರೆಯಬೇಕು.

ಕೊನೆಯ ತಾರೀಖಿನ ಬಗ್ಗೆ ನನಗೊಂದು ಆಸೆ ಹುಟ್ಟಿತ್ತು. ಕೆಲಸ ಹುಡುಕುತ್ತಿದ್ದದ್ದು ಜುಲೈ 2021ರಲ್ಲಿ. ಜನವರಿಯನ್ನು ಜೂನ್ ಮಾಡಿಬಿಟ್ಟರೆ ಗ್ಯಾಪೇ ಇರುವುದಿಲ್ಲ. ಮಾಡಲಿಲ್ಲ. 'ಫೆಬ್ರವರಿ–ಜುಲೈ 2021, ಕೆಲಸದ ಹುಡುಕಾಟ' ಎಂದೇ ಬರೆದೆ. ಎರಡನೆಯ ಅಲೆಯ ಆ ತಿಂಗಳುಗಳ ಬಗ್ಗೆ ಇವತ್ತಿನವರೆಗೂ ಯಾರೂ ಒಂದು ಪ್ರಶ್ನೆ ಕೇಳಿಲ್ಲ. ಹಿಗ್ಗಿಸಿದ್ದರೆ ಸಿಕ್ಕಿಬೀಳುತ್ತಿದ್ದೆ, ಏಕೆಂದರೆ ಮುಚ್ಚಿದ ವ್ಯವಹಾರಕ್ಕೂ ಒಂದು ರಿಲೀವಿಂಗ್ ಲೆಟರ್ ಇದೆ. ಜಿಎಸ್‌ಟಿ ನೋಂದಣಿ ರದ್ದು ಮಾಡಲು ಮಾಲೀಕ REG-16 ನಮೂನೆಯಲ್ಲಿ ಅರ್ಜಿ ಹಾಕುತ್ತಾನೆ. ಅಧಿಕಾರಿ REG-19ರಲ್ಲಿ ರದ್ದತಿ ಆದೇಶ ಕೊಡುತ್ತಾರೆ. ಅದರಲ್ಲಿ ಯಾವ ದಿನದಿಂದ ರದ್ದು ಎಂಬುದು ಸ್ಪಷ್ಟವಾಗಿರುತ್ತದೆ. ಆಮೇಲೆ ಮೂರು ತಿಂಗಳೊಳಗೆ GSTR-10 ಎಂಬ ಕೊನೆಯ ರಿಟರ್ನ್ ಸಲ್ಲಿಸಬೇಕು, ತಡವಾದರೆ ದಂಡ ಬೀಳುತ್ತದೆ. ಬಹಳ ಜನ ಮನನೊಂದು ಅಂಗಡಿಗೆ ಬೀಗ ಹಾಕಿ ಸುಮ್ಮನಾಗುತ್ತಾರೆ, ಇದನ್ನು ಮಾಡುವುದಿಲ್ಲ. ದಂಡದ ಮಾತು ಹಾಗಿರಲಿ, ವ್ಯವಹಾರ ಸರಿಯಾಗಿ ಮುಗಿಯಿತು ಎಂದು ಹೇಳುವ ಸರ್ಕಾರದ ಕಾಗದ ಅವರ ಕೈಯಲ್ಲಿ ಇರುವುದಿಲ್ಲ.

ಇನ್ನೊಂದು ಕಾಗದಕ್ಕೆ ನಾನು ಇದಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ವೆಂಡರ್ ನನ್ನ ಬಿಲ್ಲಿನಲ್ಲಿ ನೂರಕ್ಕೆ ಒಂದು ರೂಪಾಯಿ ಟಿಡಿಎಸ್ ಹಿಡಿಯುತ್ತಿದ್ದರು. ಆಗೆಲ್ಲ ಗೊಣಗುತ್ತಿದ್ದೆ. ಆದಾಯ ತೆರಿಗೆಯ 26ASನಲ್ಲಿ ಆ ಪ್ರತಿಯೊಂದು ಕಡಿತವೂ ಹಿಡಿದವರ ಹೆಸರು, ತಾರೀಖು, ಮೊತ್ತದ ಸಮೇತ ಕೂತಿದೆ. ಅದನ್ನು ಬರೆದದ್ದು ನಾನಲ್ಲ, ನನಗೆ ದುಡ್ಡು ಕೊಟ್ಟವರು. ವೆರಿಫಿಕೇಷನ್‌ನವರು ಅದನ್ನು ನೋಡಿದ ಮೇಲೆ ಮಾತಾಡುವ ಧಾಟಿಯೇ ಬದಲಾಯಿತು. ವೆಂಡರ್ ಕಚೇರಿ ಲೆಟರ್‌ಹೆಡ್ಡಿನ ಮೇಲೆ ಪತ್ರ ಕೊಡಲಿಲ್ಲ, ಅವರ ನಿಯಮದಲ್ಲಿ ಇಲ್ಲವಂತೆ. ಆದರೆ ಪ್ರತಿ ತಿಂಗಳು ಬಿಲ್ ಒಪ್ಪಿಗೆಯ ಮೇಲ್‌ಗಳು ನನ್ನಲ್ಲಿದ್ದವು, ಅವೇ ಸಾಕಾದವು.

ಸಿಟಿಸಿ ಎಂಬ ಖಾನೆ ಕೊನೆಗೂ ತೊಡಕಾಗಿಯೇ ಉಳಿಯಿತು. ಸಣ್ಣ ವ್ಯವಹಾರದವರು ಹೆಚ್ಚಾಗಿ ಅಂದಾಜು ಆದಾಯದ ಲೆಕ್ಕದಲ್ಲಿ ರಿಟರ್ನ್ ಹಾಕುತ್ತೇವೆ. ಬ್ಯಾಂಕಿನ ಮೂಲಕ ಬಂದ ವಹಿವಾಟಿಗೆ ಶೇ. 6 ಲಾಭ ಎಂದು ತೋರಿಸಿದರೆ 36 ಲಕ್ಷದ ವಹಿವಾಟಿಗೆ ಎರಡು ಲಕ್ಷ ಚಿಲ್ಲರೆ ಆದಾಯ. ಅದನ್ನೇ ಹಿಂದಿನ ಸಂಬಳ ಎಂದು ಹಿಡಿದರೆ ಹೊಸ ಸಂಬಳ ನೆಲ ಕಚ್ಚುತ್ತದೆ. ಹಾಗಾಗಿ, 'ಸಂಬಳ ಅನ್ವಯಿಸುವುದಿಲ್ಲ, ಈ ಹುದ್ದೆಗೆ ಇರುವ ದರದಲ್ಲಿ ಮಾತಾಡೋಣ' ಎಂದು ಹೇಳಲು ಕಲಿತೆ. ಎಲ್ಲ ಕಡೆ ನಡೆಯಲಿಲ್ಲ.

ಕೆಲಸ ಸಿಕ್ಕ ಇಂಟರ್‌ವ್ಯೂ ಸೆಪ್ಟೆಂಬರ್‌ನಲ್ಲಿ ಆಯಿತು. ಟ್ರಾನ್ಸ್‌ಪೋರ್ಟ್ ಸೂಪರ್‌ವೈಸರ್ ಹುದ್ದೆ. ಕೂತಿದ್ದ ಹಿರಿಯರು ಮೊದಲು ಕೆಲಸದ ಪ್ರಶ್ನೆಯನ್ನೇ ಕೇಳಿದರು. "ರಾತ್ರಿ ಒಂದೂವರೆ. ಡ್ರಾಪ್ ಹೊರಡಬೇಕು. ಕೊನೆಯವಳು ಹೆಣ್ಣುಮಗಳು. ಗಾರ್ಡ್ ಬಂದಿಲ್ಲ. ಏನ್ಮಾಡ್ತೀರಿ?"

"ಗಾಡಿ ಬಿಡಲ್ಲ ಸರ್. ಮೊದಲು ಡ್ರಾಪ್ ವರಸೆ ತಿರುವಿ ನೋಡ್ತೀನಿ, ಗಂಡಸರು ಕೊನೆಗೆ ಇಳಿಯೋ ಹಾಗೆ ಆಗುತ್ತಾ ಅಂತ. ಆಗದಿದ್ರೆ ಬೇರೆ ಗಾಡಿಯ ಗಾರ್ಡ್ ವಾಪಸ್ ಬರೋವರೆಗೂ ನಿಲ್ಲಿಸ್ತೀನಿ. ಕಂಟ್ರೋಲ್ ರೂಮಿಗೆ ಹೇಳಿ ಹಾಳೆ ಮೇಲೆ ಬರೆಸ್ತೀನಿ. ಎರಡು ಸಲ ಹಾಗೆ ನಿಲ್ಲಿಸಿದ್ದೀನಿ, ಒಂದು ಸಲ ದಂಡನೂ ಕಟ್ಟಿದ್ದೀನಿ."

ಅವರು ತಲೆಯಾಡಿಸಿ, "ವ್ಯವಹಾರ ಮುಚ್ಚಿದ್ದಕ್ಕೆ ಕೊರೊನಾ ಕಾರಣ ಅಂತೀರಿ. ನಿಮ್ಮ ತಪ್ಪು ಏನೂ ಇರ್ಲಿಲ್ವಾ?" ಎಂದರು.

ಈ ಪ್ರಶ್ನೆಗೆ ನಾನು ತಯಾರಾಗಿದ್ದೆ, ಏಕೆಂದರೆ ರಾತ್ರಿಗಟ್ಟಲೆ ನನ್ನನ್ನೇ ಕೇಳಿಕೊಂಡಿದ್ದೆ. "ಇತ್ತು ಸರ್. ನೂರಕ್ಕೆ ಎಂಬತ್ತು ಬಿಲ್ ಒಬ್ಬನೇ ವೆಂಡರ್‌ದಾಗಿತ್ತು. ದುಡ್ಡು ಬರೋದು ಅರವತ್ತು ದಿನಕ್ಕೆ, ಡೀಸೆಲ್ಲು ಸಂಬಳ ಕಂತು ಐದನೇ ತಾರೀಖಿಗೆ. ಹಾಗಿದ್ದೂ ಐದನೇ, ಆರನೇ ಗಾಡಿ ಸಾಲದ ಮೇಲೆ ತಗೊಂಡೆ. ಕೊರೊನಾ ಬರದಿದ್ರೂ ಆ ವೆಂಡರ್ ಕೈಬಿಟ್ಟಿದ್ರೆ ನಾನು ಬೀಳ್ತಿದ್ದೆ." ಅಷ್ಟೇ ಹೇಳಿದೆ. ಬಾಕಿ ಉಳಿಸಿಕೊಂಡವರನ್ನು ಬಯ್ಯಲಿಲ್ಲ. ಬಯ್ಯುವುದು ಬಹಳ ಇತ್ತು.

ಆಮೇಲೆ ಅವರು ನಿಜವಾದ ಅನುಮಾನಕ್ಕೆ ಬಂದರು. ಮತ್ತೆ ವ್ಯವಹಾರ ಶುರುಮಾಡಿ ಬಿಟ್ಟುಹೋಗುತ್ತಾನೆ ಎಂಬ ಭಯ ಎಲ್ಲ ರಿಕ್ರೂಟರಿಗೂ ಇರುತ್ತದೆ. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿದೆ: ಸೂಪರ್‌ವೈಸರ್ ಆಗಿ ಬಂದವನು ತನ್ನದೇ ಗಾಡಿಗಳನ್ನು ಭಾವಮೈದುನನ ಹೆಸರಿನಲ್ಲಿ ಒಳಗೆ ಬಿಟ್ಟು, ಟ್ರಿಪ್ಪುಗಳನ್ನು ಅವಕ್ಕೇ ಹಾಕುತ್ತಾನೆ ಎಂಬುದು. ಇದು ನಡೆಯುವ ವಿಷಯವೇ. ಅವರು ಬಾಯಿಬಿಟ್ಟು ಕೇಳುವ ಮುನ್ನವೇ ಆರೂ ಗಾಡಿಗಳು ಬೇರೆಯವರ ಹೆಸರಿಗೆ ವರ್ಗವಾದ ಕಾಗದ, ಬ್ಯಾಂಕಿನ ಸಾಲ ಮುಗಿದ ಪತ್ರ, ಜಿಎಸ್‌ಟಿ ರದ್ದತಿ ಆದೇಶ ಮೂರನ್ನೂ ಮೇಜಿನ ಮೇಲಿಟ್ಟೆ. ಮನೆಯವರ ಯಾರ ಹೆಸರಿನಲ್ಲೂ ವಾಣಿಜ್ಯ ವಾಹನ ಇಲ್ಲವೆಂದು ಬರೆದುಕೊಡುತ್ತೇನೆ ಎಂದೆ. ಬರೆಸಿಕೊಂಡರು. ನವೆಂಬರ್‌ನಲ್ಲಿ ಸೇರಿದೆ.

ಸಂಬಳ ನಿಗದಿ ಮಾಡುವಾಗ ನನ್ನ ಆರು ವರ್ಷವನ್ನು ಮೂರು ಎಂದು ಹಿಡಿದರು. ಸ್ವಂತ ವ್ಯವಹಾರಕ್ಕೆ ಅರ್ಧ ಎಂಬುದು ಅಲ್ಲಿಯ ನಿಯಮ. ಅದು ಸರಿಯಲ್ಲ ಎಂದು ನನಗೆ ಇಂದಿಗೂ ಅನ್ನಿಸುತ್ತದೆ, ಮೇಲಿನವರಿಗೆ ಹೇಳಿಯೂ ಇದ್ದೇನೆ.

ಈಗ ನನ್ನ ಮುಂದೆ ಅರ್ಜಿಗಳು ಬರುತ್ತವೆ. ಅತ್ತಿಬೆಲೆಯಲ್ಲಿ ಪಿಜಿಗಳಿಗೆ ಊಟ ಕಳಿಸುತ್ತಿದ್ದ ಒಬ್ಬ ಹೆಣ್ಣುಮಗಳು ಕಳೆದ ತಿಂಗಳು ಹೆಲ್ಪ್‌ಡೆಸ್ಕ್ ಕೆಲಸಕ್ಕೆ ಬಂದಿದ್ದರು. ರೆಸ್ಯೂಮೆಯಲ್ಲಿ ಮೂರು ವರ್ಷ ಖಾಲಿ. ಕೇಳಿದರೆ, "ಮನೇಲೇ ಇದ್ದೆ ಸರ್" ಎಂದರು. ಮಾತಾಡುತ್ತ ಕೂತಾಗ ದಿನಕ್ಕೆ 80 ಡಬ್ಬಿ ಹೋಗುತ್ತಿದ್ದದ್ದು ತಿಳಿಯಿತು. ಜಿಎಸ್‌ಟಿ ಅವರಿಗೆ ಬೇಕಾಗಿರಲಿಲ್ಲ, ಬಿಲ್ ಪುಸ್ತಕವೂ ಇಲ್ಲ. ಆಹಾರ ಸುರಕ್ಷತಾ ನೋಂದಣಿಯ ಒಂದು ಕಾಗದ ಇತ್ತು, ಫೋನಿಗೆ ಬರುತ್ತಿದ್ದ ದುಡ್ಡೆಲ್ಲ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಇತ್ತು. ಪಿಜಿಯ ಇಬ್ಬರು ಮಾಲೀಕರು ಫೋನಿನಲ್ಲಿ ಮಾತಾಡಿ ಹೌದೆಂದರು. ಅವರ ಅರ್ಜಿಯನ್ನು ಹಿಂದಕ್ಕೆ ಕೊಟ್ಟು, ತುಂಬಿ ತನ್ನಿ ಅಮ್ಮ ಎಂದೆ. ತಂದರು. ಈಗ ಬೆಳಗಿನ ಶಿಫ್ಟಿನ ರೋಸ್ಟರ್ ಅವರೇ ಹಾಕುತ್ತಾರೆ.

ಅಂಗಡಿಯೋ ಗಾಡಿಯೋ ಶೆಡ್ಡೋ ಮುಚ್ಚಿ ಕೂತಿರುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಆ ಹಳೆಯ ಬಿಲ್ ಪುಸ್ತಕ, ಚಲನ್, ಹಾಜರಿ ನೋಟ್‌ಬುಕ್‌ಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ರದ್ದಿಯವನಿಗೆ ಹಾಕಿ ಕೈತೊಳೆದುಕೊಳ್ಳೋಣ ಅನ್ನಿಸುತ್ತದೆ. ದಯವಿಟ್ಟು ಹಾಕಬೇಡಿ. ಮೂರು ತಿಂಗಳಿನದನ್ನಾದರೂ ನೆಲದ ಮೇಲೆ ಹರಡಿಕೊಂಡು ಎಣಿಸಿ, ಆಮೇಲೆ ಅರ್ಜಿ ಬರೆಯಿರಿ.